ಸ್ವಿಚ್ ಆರಿಸಿ, ಆಮೇಲೆ ಕೇಳಿ

ಸೀಲಿಂಗ್ ಫ್ಯಾನು ಸದ್ದು ಮಾಡತೊಡಗಿದರೆ ಮೊದಲ ಪರೀಕ್ಷೆಗೆ ಸ್ಟೂಲೂ ಬೇಡ, ಸ್ಕ್ರೂಡ್ರೈವರೂ ಬೇಡ. ಫ್ಯಾನನ್ನು ಪೂರ್ತಿ ವೇಗಕ್ಕೆ ಬಿಡಿ. ಟಿ.ವಿ., ಮಿಕ್ಸಿ ಎಲ್ಲ ಬಂದ್ ಮಾಡಿಸಿ. ಈಗ ಸ್ವಿಚ್ ಆರಿಸಿ, ರೆಕ್ಕೆ ನಿಲ್ಲುವವರೆಗೂ ಕಿವಿಗೊಟ್ಟು ಕೇಳಿ. ಆರಿಸಿದ ಕ್ಷಣಕ್ಕೇ ಸದ್ದು ಅಡಗಿದರೆ ತೊಂದರೆ ಕರೆಂಟಿನ ಕಡೆಯದು. ಫ್ಯಾನು ತಿರುಗುವಷ್ಟು ಹೊತ್ತೂ ಸದ್ದು ಉಳಿದರೆ ಅದು ಬೇರಿಂಗ್, ರೆಕ್ಕೆ ಅಥವಾ ಸಡಿಲಾದ ಸ್ಕ್ರೂವಿನದು.

ನಮ್ಮ ಕೆಳಮನೆಯವರ 48 ಇಂಚಿನ ಫ್ಯಾನನ್ನೇ ತೆಗೆದುಕೊಳ್ಳಿ. "ಗುಂಯ್ ಅಂತದೆ, ತೂಗಾಡ್ತದೆ, ಗಾಳೀನೂ ಬರಲ್ಲ. ಹೊಸದು ತಗೊಳ್ಳೋದೇ ವಾಸಿ ಅಲ್ವಾ ಸಾರ್?" ಎಂದರು ಆ ಮನೆಯ ಅಮ್ಮ. ಒಂದೇ ಉಸಿರಿನಲ್ಲಿ ಹೇಳಿದ ಈ ಮೂರು ದೂರುಗಳಿಗೆ ಕಾರಣ ಬೇರೆ ಬೇರೆ.

ಗುಂಯ್ ಸದ್ದು ಸ್ವಿಚ್ ಆರಿಸುತ್ತಲೇ ನಿಂತಿತು. ರೆಗ್ಯುಲೇಟರ್ 2ರಲ್ಲಿದ್ದಾಗ ಜೋರಾಗಿ, 5ಕ್ಕೆ ಬಂದರೆ ಇಲ್ಲವೇ ಇಲ್ಲ. ಅಲ್ಲಿಗೆ ಕಳ್ಳ ಸಿಕ್ಕಿದ ಹಾಗೆ: ಗೋಡೆಯ ಮೇಲಿನ ರೆಗ್ಯುಲೇಟರ್. ನುಣ್ಣಗೆ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರು ವೇಗ ತಗ್ಗಿಸಲು ಕರೆಂಟಿನ ಪ್ರತಿ ಅಲೆಯಲ್ಲೂ ಒಂದಿಷ್ಟನ್ನು ಕತ್ತರಿಸುತ್ತದೆ. ಹಾಗೆ ತುಂಡಾದ ಕರೆಂಟಿಗೆ ಮೋಟಾರಿನೊಳಗಿನ ತಗಡುಗಳು, ಸುರುಳಿ ಅದುರಿ ಗುನುಗುತ್ತವೆ. ಟಕ್ ಟಕ್ ಎಂದು ಮೆಟ್ಟಿಲು ಮೆಟ್ಟಿಲಾಗಿ ತಿರುಗುವ, ಒಳಗೆ ಕೆಪಾಸಿಟರ್ ಇರುವ ರೆಗ್ಯುಲೇಟರ್ ಹಾಕಿದರೆ ಈ ಸದ್ದು ಬಹುಮಟ್ಟಿಗೆ ಹೋಗುತ್ತದೆ. ಫ್ಯಾನನ್ನು ಮುಟ್ಟುವ ಅಗತ್ಯವೇ ಇಲ್ಲ.

ಆದರೆ 5ರಲ್ಲೂ ಗಾಳಿ ಸಾಲದು ಎಂಬುದು ಬೇರೆ ಮಾತು. ಸಂಜೆ ಹೊತ್ತು ಮಾತ್ರ ಹಾಗಾದರೆ ವೋಲ್ಟೇಜ್ ಕಡಿಮೆಯಿರಬಹುದು, ಪಕ್ಕದ ಕೋಣೆಯ ಫ್ಯಾನನ್ನೂ ನೋಡಿ. ಇಲ್ಲಿ ಇಡೀ ದಿನ ಹಾಗೆಯೇ. ಮೇಲಾಗಿ, ಬೆಳಿಗ್ಗೆ ಹಾಕಿದರೆ ಸುಮ್ಮನೆ ಗುನುಗುತ್ತಾ ನಿಂತಿರುತ್ತಿತ್ತು, ಕೋಲಿನಿಂದ ಒಮ್ಮೆ ತಳ್ಳಿದರೆ ಹೊರಡುತ್ತಿತ್ತು. ಕೆಪಾಸಿಟರ್ ಸೋತದ್ದಕ್ಕೆ ಇದಕ್ಕಿಂತ ಸ್ಪಷ್ಟ ಗುರುತಿಲ್ಲ. ಮೋಟಾರಿನಲ್ಲಿ ಎರಡು ಸುರುಳಿಗಳಿವೆ. ಒಂದರ ಕರೆಂಟು ಇನ್ನೊಂದಕ್ಕಿಂತ ತುಸು ಮುಂದಾಗಿ ಹರಿದರೆ ಮಾತ್ರ ಒಳಗಿನ ಅಯಸ್ಕಾಂತ ಬಲ ಸುತ್ತತೊಡಗುತ್ತದೆ. ಆ ವ್ಯತ್ಯಾಸ ಹುಟ್ಟಿಸುವುದೇ ಕೆಪಾಸಿಟರಿನ ಕೆಲಸ. ವರ್ಷಗಟ್ಟಲೆ ಸೂರಿನ ಬಿಸಿಯಲ್ಲಿ ಅದರ ಶಕ್ತಿ ಇಳಿಯುತ್ತದೆ. ಇವರದರ ಮೇಲೆ ಬರೆದಿದ್ದದ್ದು 2.5 ಮೈಕ್ರೋಫ್ಯಾರಡ್, ಮೀಟರ್ ತೋರಿಸಿದ್ದು 1.6.

ಬದಲಿಸುವ ಮುಂಚೆ ಮೇನ್ ಇಳಿಸಲೇಬೇಕು. ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಕೆಲವು ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ ಕೊಟ್ಟಿರುತ್ತಾರೆ, ಆಗ ಫ್ಯಾನಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಕೆಪಾಸಿಟರಿನ ಎರಡು ತುದಿಗಳನ್ನು ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನಿಂದ ಒಮ್ಮೆ ಸೇರಿಸಿ, ಉಳಿದ ಚಾರ್ಜ್ ಇಳಿಸಿ. ಆ ಚುರುಕು ಸಣ್ಣದೇ, ಆದರೆ ಸ್ಟೂಲಿನಿಂದ ಬೀಳಿಸಲು ಸಾಕು. ಹಳೆಯದರ ಮೇಲಿನ ಸಂಖ್ಯೆಯನ್ನೇ, 440 ವೋಲ್ಟಿನದನ್ನೇ ಕೊಳ್ಳಿ. ವೇಗ ಹೆಚ್ಚಲೆಂದು 4 ಮೈಕ್ರೋಫ್ಯಾರಡ್ ಹಾಕಿಸುವವರಿದ್ದಾರೆ, ಅದರಿಂದ ಸುರುಳಿ ಕಾದು ಸುಡುತ್ತದೆ.

ಬೇರಿಂಗ್ ಇಲ್ಲಿ ಚೆನ್ನಾಗಿತ್ತು. ಕೆಟ್ಟಿದ್ದರೆ, ಮೇನ್ ಇಳಿಸಿ ಕೈಯಿಂದ ನಿಧಾನ ತಿರುಗಿಸುವಾಗ ಮರಳು ಅರೆದಂತೆ ಕರಕರ ಎನ್ನುತ್ತದೆ, ಮೋಟಾರನ್ನು ಮೇಲೆ ಕೆಳಗೆ ಅಲ್ಲಾಡಿಸಿದರೆ ಲಟಲಟ ಆಡುತ್ತದೆ. ಮುಚ್ಚಿದ ಬೇರಿಂಗಿಗೆ ಎಣ್ಣೆ ಬಿಟ್ಟು ಫಲವಿಲ್ಲ. ಅದನ್ನು ಕೀಳಲು ಪುಲ್ಲರ್ ಬೇಕು, ಬಿಚ್ಚುವಾಗ ಸುರುಳಿಗೆ ಪೆಟ್ಟಾಗಬಹುದು. ಇಷ್ಟು ಕೆಲಸವನ್ನು ವೈಂಡಿಂಗ್ ಅಂಗಡಿಗೆ ಬಿಡುವುದೇ ಜಾಣತನ.

ಇನ್ನು ತೂಗಾಟ. ಮೊದಲು ರೆಕ್ಕೆಗಳ ಮೇಲ್ಭಾಗದ ದೂಳು ಒರೆಸಿ, ಸ್ಕ್ರೂಗಳನ್ನು ಬಿಗಿ ಮಾಡಿದೆವು. ಮೇಲಿನ ಬಟ್ಟಲು ಇಳಿಸಿ ಕೊಕ್ಕೆಯ ಬೋಲ್ಟು, ರಬ್ಬರು, ಸ್ಪ್ಲಿಟ್ ಪಿನ್ ನೋಡಿದೆವು. ಪಿನ್ ಇಲ್ಲದ ಬೋಲ್ಟು ತೂಗಾಟಕ್ಕೆ ಕಳಚಿ ಫ್ಯಾನೇ ಬೀಳಬಹುದು, ಹಾಗಾಗಿ ಅದನ್ನು ನೋಡದೆ ಕೆಳಗಿಳಿಯಬಾರದು. ಆಮೇಲೆ ಒಂದು ಕೋಲನ್ನು ಸೂರಿಗೆ ಆನಿಸಿ, ರೆಕ್ಕೆಯ ತುದಿ ಬರುವಲ್ಲಿ ಗುರುತು ಹಾಕಿ, ಕೋಲನ್ನು ಅಲ್ಲೇ ಹಿಡಿದು ಉಳಿದೆರಡನ್ನೂ ಕೈಯಿಂದ ತಿರುಗಿಸಿ ತಂದು ನೋಡಿದೆವು. ಎರಡು ಸರಿಸಮ, ಮೂರನೆಯದು ಸುಮಾರು ಒಂದು ಸೆಂಟಿಮೀಟರ್ ಕೆಳಗೆ! ದೀಪಾವಳಿಗೆ ಒರೆಸುವಾಗ ಯಾರೋ ಅದನ್ನು ಹಿಡಿದು ಜಗ್ಗಿದ್ದರು. ರೆಕ್ಕೆಯನ್ನಲ್ಲ, ಅದು ಮೋಟಾರಿಗೆ ಸೇರುವ ಪಟ್ಟಿಯನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿದಾಗ ತೂಗಾಟ ಮುಕ್ಕಾಲು ಪಾಲು ನಿಂತಿತು.

ಉಳಿದ ಕಾಲು ಪಾಲು ತೂಕದ ವ್ಯತ್ಯಾಸ. ಒಂದು ನಾಣ್ಯವನ್ನು ಗಟ್ಟಿ ಟೇಪಿನಿಂದ ಪ್ರತಿ ರೆಕ್ಕೆಯ ಮೇಲೂ ಸರದಿಯಂತೆ ಅಂಟಿಸಿ, ಕಡಿಮೆ ವೇಗದಲ್ಲಿ ಓಡಿಸಿ ನೋಡಬೇಕು. ಯಾವುದರ ಮೇಲಿಟ್ಟಾಗ ತೂಗಾಟ ತಗ್ಗುತ್ತದೋ ಅದೇ ಹಗುರವಾದ ರೆಕ್ಕೆ. ಅದರ ಮೇಲೆಯೇ ನಾಣ್ಯವನ್ನು ತುದಿಯ ಕಡೆಗೋ ನಡುವಿನ ಕಡೆಗೋ ಸರಿಸಿ ಸರಿಯಾದ ಜಾಗ ಹುಡುಕಿ. ಇಷ್ಟಾದರೂ ನಿಲ್ಲದಿದ್ದರೆ ಕಂಬಿಯೇ ಬಾಗಿರಬಹುದು. ರೆಕ್ಕೆ ಬದಲಿಸುವ ಸಂದರ್ಭ ಬಂದರೆ ಮೂರನ್ನೂ ಒಟ್ಟಿಗೆ ಕೊಳ್ಳಿ, ಅವು ಒಂದೇ ತೂಕಕ್ಕೆ ಹೊಂದಿಸಿದ ಸೆಟ್ಟಾಗಿ ಬರುತ್ತವೆ.