ದರಕ್ಕಿಂತ ಮೊದಲು ದಿನಾಂಕ ಕೇಳಿ

ನಮ್ಮ ಬಡಾವಣೆಯ 40 ಮಂದಿ ಫೆಬ್ರವರಿ 10ಕ್ಕೆ ಕಾಶಿ, ಪ್ರಯಾಗ, ಅಯೋಧ್ಯೆಗೆ ಹೊರಟಾಗ ಟೂರಿನವರು ಕಳಿಸಿದ ಕೊಟೇಶನ್ ಎರಡೇ ಸಾಲಿನದು: ಇಬ್ಬರಿಗೊಂದು ರೂಮಿನ ಲೆಕ್ಕದಲ್ಲಿ ತಲೆಗೆ 26,000 ರೂಪಾಯಿ, ಅರ್ಧ ಹಣ ಈಗಲೇ. ಎಲ್ಲರೂ ‘ಒಂದು ಸೀಟು ಫ್ರೀ ಕೇಳಿ’ ಎಂದು ದುಂಬಾಲು ಬಿದ್ದರು. ಅದು ಸಿಕ್ಕರೂ ತಲೆಗೆ ಉಳಿಯುವುದು 650 ರೂಪಾಯಿ. ನನ್ನ ಚಿಂತೆ ಬೇರೆಯೇ ಇತ್ತು. ನಾಲ್ವರು ಹಿಂದೆ ಸರಿದರೆ ಅವರ ಪಾಲಿನ 52,000 ರೂಪಾಯಿಯ ಗತಿಯೇನು?

ಇಲ್ಲಿ ಬೇಕಾಗುವುದು ‘ರಿಲೀಸ್ ಡೇಟ್’. ಹೋಟೆಲಿನವರು ಗುಂಪಿಗೆಂದು ಹಿಡಿದಿಟ್ಟ ರೂಮುಗಳನ್ನು ದಂಡವಿಲ್ಲದೆ ಬಿಟ್ಟುಕೊಡಲು ಇರುವ ಕೊನೆಯ ದಿನ ಅದು. ಆ ದಿನ ದಾಟಿದರೆ ಖಾಲಿ ರೂಮಿಗೂ ಬಾಡಿಗೆ ಬೀಳುತ್ತದೆ. ಶಿವರಾತ್ರಿ, ದೇವ ದೀಪಾವಳಿ ಹೊತ್ತಿನಲ್ಲಂತೂ ಕಾಶಿಯಲ್ಲಿ ರೂಮಿಗೆ ಪೈಪೋಟಿ, ಹೋಟೆಲಿನವರು ಸಡಿಲಬಿಡುವುದಿಲ್ಲ. ಟೂರಿನವರ ಹಟಕ್ಕೂ ಕಾರಣ ಇದೇ: ಅವರೂ ಹೋಟೆಲಿಗೆ ಮುಂಗಡ ಕಟ್ಟಿರುತ್ತಾರೆ. ಹಾಗಾಗಿ ಜಗಳದ ದನಿ ಬಿಟ್ಟು ಇಮೇಲ್‌ನಲ್ಲಿ ಹೀಗೆ ಬರೆದೆ:

“ನಮಸ್ಕಾರ ಸರ್. 20 ರೂಮು ಹಿಡಿದಿಡಲು ಶೇ. 10, ಅಂದರೆ 1,04,000 ರೂಪಾಯಿ ಈ ವಾರವೇ ಕಳಿಸುತ್ತೇವೆ. ಡಿಸೆಂಬರ್ 12ರವರೆಗೆ 4 ರೂಮು, ಅಲ್ಲಿಂದ ಜನವರಿ 11ರವರೆಗೆ ಇನ್ನೊಂದು ರೂಮು ದಂಡವಿಲ್ಲದೆ ಬಿಡಲು ಅವಕಾಶ ಕೊಡಿ. ಡಿಸೆಂಬರ್ 12ರಂದು ಉಳಿದ ಸಂಖ್ಯೆಯ ಮೇಲೆ ಅರ್ಧ ಹಣ ತುಂಬಿಸುತ್ತೇವೆ, ಬಾಕಿ ಜನವರಿ 31ಕ್ಕೆ. 36ಕ್ಕಿಂತ ಜನ ಕಡಿಮೆಯಾದರೆ ದರ ಎಷ್ಟಾಗುತ್ತದೆ ಎಂದು ಈಗಲೇ ತಿಳಿಸಿ. ಜಿಎಸ್‌ಟಿ ಸೇರಿದೆಯೇ?”

‘60 ದಿನ ಮುಂಚೆ’ ಎನ್ನದೆ ತಾರೀಖನ್ನೇ ಬರೆದದ್ದು ಬೇಕೆಂದೇ. ದಿನ ಎಣಿಸುವುದು ಹೊರಡುವ ದಿನದಿಂದಲೋ, ಹೋಟೆಲ್ ಸೇರುವ ದಿನದಿಂದಲೋ ಎಂಬ ತಕರಾರು ಆಮೇಲೆ ಏಳುತ್ತದೆ. ದರದ ಪ್ರಶ್ನೆ ಬಸ್ಸಿನದು. 1,20,000 ರೂಪಾಯಿ ಬಸ್ ಬಾಡಿಗೆ 40 ಜನಕ್ಕೆ ಹಂಚಿದರೆ ತಲೆಗೆ 3,000. 30 ಜನಕ್ಕಾದರೆ 4,000. ಅದನ್ನು ಮೊದಲೇ ಬರೆಸಿಕೊಳ್ಳದಿದ್ದರೆ ಹೊರಡುವ ವಾರ ‘ಸ್ವಲ್ಪ ಹೆಚ್ಚಾಗುತ್ತೆ ಸರ್’ ಎಂಬ ಫೋನ್ ಬರುತ್ತದೆ.

ಡಿಸೆಂಬರ್ 12 ಅವರ ಗಡುವು. ನಮ್ಮವರಿಗೆ ನಾನು ಹೇಳಿದ್ದು ಡಿಸೆಂಬರ್ 5. ಅಷ್ಟರಲ್ಲಿ ಎರಡು ದಂಪತಿ ಹಿಂದೆ ಸರಿದರು, ಎರಡು ರೂಮು ಬಿಟ್ಟೆವು. 36 ಜನರ ಅರ್ಧ ಹಣ 4,68,000. ಮುಂಗಡ ಕಳೆದು ಕಟ್ಟಿದ್ದು 3,64,000.

ಕೇಳಿದ್ದೆಲ್ಲ ಸಿಕ್ಕಿತೆಂದಲ್ಲ. ಡಿಸೆಂಬರ್ 12ರ ನಂತರ ಒಂದು ರೂಮೂ ಬಿಡಲಾಗದು ಎಂದರು. ಬದಲಿಗೆ ಜನವರಿ 31ರವರೆಗೆ ಹೆಸರು ಬದಲಿಸಬಹುದು ಎಂದು ಒಪ್ಪಿದರು. ಜನವರಿಯಲ್ಲಿ ಒಬ್ಬರ ಮೊಣಕಾಲು ಕೈಕೊಟ್ಟಾಗ ಅವರ ಜಾಗಕ್ಕೆ ತಮ್ಮ ಹೊರಟ.