ಮಲಗುವ ಮುನ್ನ ತಿನ್ನುವ ಹಣ್ಣು ನಿದ್ದೆ ತರುತ್ತದೆಯೇ?

ರಾತ್ರಿ ಊಟವಾದ ಮೇಲೆ ಒಂದು ಬಾಳೆಹಣ್ಣು ತಿಂದರೆ ನಿದ್ದೆ ಚೆನ್ನಾಗಿ ಬರುತ್ತದೆ ಎನ್ನುವವರು ಕೊಡುವ ಕಾರಣ, ಅದರಲ್ಲಿರುವ ಟ್ರಿಪ್ಟೊಫ್ಯಾನ್. ಈ ಅಮೈನೊ ಆಮ್ಲದಿಂದ ದೇಹ ಮೊದಲು ಸೆರೊಟೊನಿನ್, ಅದರಿಂದ ಮೆಲಟೋನಿನ್ ತಯಾರಿಸಿಕೊಳ್ಳುತ್ತದೆ ಎಂಬುದು ನಿಜ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಬಾಳೆಹಣ್ಣಿನಲ್ಲಿರುವುದು ಸುಮಾರು 10 ಮಿಲಿಗ್ರಾಂ. ನಿದ್ದೆಯ ಮೇಲಿನ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕೊಟ್ಟಿದ್ದು 1 ಗ್ರಾಂ ಅಥವಾ ಹೆಚ್ಚು, ಅಂದರೆ ನೂರು ಹಣ್ಣಿನಷ್ಟು. ಮೇಲಾಗಿ ಮಿದುಳಿನೊಳಗೆ ಹೋಗಲು ಟ್ರಿಪ್ಟೊಫ್ಯಾನ್ ಬೇರೆ ಅಮೈನೊ ಆಮ್ಲಗಳೊಂದಿಗೆ ಪೈಪೋಟಿ ನಡೆಸಬೇಕು. ಹಣ್ಣಿನಲ್ಲೇ ಇರುವ ಸೆರೊಟೊನಿನ್ ಅಂತೂ ರಕ್ತದಿಂದ ಮಿದುಳಿಗೆ ದಾಟುವುದೇ ಇಲ್ಲ.

ಕಿವಿ ಹಣ್ಣಿನ ಹೆಸರು ಬಂದದ್ದು ತೈವಾನಿನ ತೈಪೆಯಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಿಂದ. ನಿದ್ದೆಯ ತೊಂದರೆಯಿದ್ದ 24 ಮಂದಿ ನಾಲ್ಕು ವಾರ, ಮಲಗುವುದಕ್ಕೆ ಒಂದು ಗಂಟೆ ಮೊದಲು ಎರಡೆರಡು ಕಿವಿ ತಿಂದರು. ನಿದ್ದೆ ಹತ್ತಲು ಹಿಡಿಯುತ್ತಿದ್ದ ಸಮಯ ಸುಮಾರು 35% ಇಳಿಯಿತು, ಒಟ್ಟು ನಿದ್ದೆ 13% ಹೆಚ್ಚಿತು. ಕೇಳಲು ದೊಡ್ಡ ಫಲಿತಾಂಶವೇ. ಆದರೆ ಕಿವಿ ತಿನ್ನದ ಇನ್ನೊಂದು ಗುಂಪು ಅಲ್ಲಿರಲಿಲ್ಲ. ತೊಂದರೆ ಜಾಸ್ತಿಯಾದಾಗಲೇ ಜನ ಇಂಥ ಅಧ್ಯಯನಕ್ಕೆ ಸೇರುತ್ತಾರೆ. ಕೆಲವು ವಾರಗಳಲ್ಲಿ ಅದು ತಾನಾಗಿಯೇ ತುಸು ತಗ್ಗುವುದೂ ಉಂಟು. ರೋಜು ಒಂದೇ ಹೊತ್ತಿಗೆ ಹಣ್ಣು ತಿಂದು ಮಲಗಲು ಅಣಿಯಾಗುವ ಶಿಸ್ತೂ ನಿದ್ದೆಗೆ ನೆರವಾಗಿರಬಹುದು. ಇದರಲ್ಲಿ ಕಿವಿಯ ಪಾಲೆಷ್ಟು ಎಂದು ಈ ಅಧ್ಯಯನದಿಂದ ಬೇರ್ಪಡಿಸಲಾಗದು.

ಹುಳಿ ಚೆರ್ರಿಯ ವಿಷಯದಲ್ಲಿ ಪುರಾವೆ ಒಂದು ಹೆಜ್ಜೆ ಮುಂದಿದೆ. ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಿದ್ರಾಹೀನತೆಯಿದ್ದ 15 ವಯಸ್ಸಾದವರು ಎರಡು ವಾರ ಚೆರ್ರಿ ರಸವನ್ನೂ ಇನ್ನೆರಡು ವಾರ ಚೆರ್ರಿಯಿಲ್ಲದ ಪಾನೀಯವನ್ನೂ ದಿನಕ್ಕೆರಡು ಬಾರಿ ಕುಡಿದರು. ಚೆರ್ರಿ ಕುಡಿದಾಗ ನಡುರಾತ್ರಿ ಎಚ್ಚರವಾಗಿರುವ ಸಮಯ ಸುಮಾರು 17 ನಿಮಿಷ ಕಡಿಮೆಯಾಯಿತು. ಆದರೆ ನಿದ್ದೆ ಬೇಗ ಹತ್ತಲಿಲ್ಲ, ಒಟ್ಟು ನಿದ್ದೆಯೂ ಗಮನಾರ್ಹವಾಗಿ ಹೆಚ್ಚಲಿಲ್ಲ. ಇದನ್ನು ಮೆಲಟೋನಿನ್ ಹೆಸರಿಗೆ ಬರೆದುಬಿಡುವುದೂ ಕಷ್ಟ. ಮಾಂಟ್‌ಮೊರೆನ್ಸಿ ತಳಿಯ ಒಂದು ಕಿಲೊ ಚೆರ್ರಿಯಲ್ಲಿ ಸಿಕ್ಕಿದ್ದು 13 ಮೈಕ್ರೊಗ್ರಾಂನಷ್ಟು. 1 ಮಿಲಿಗ್ರಾಂ ಮಾತ್ರೆಯನ್ನು ಸರಿಗಟ್ಟಲು 75 ಕಿಲೊಗೂ ಹೆಚ್ಚು ಹಣ್ಣು ಬೇಕು.

ಹಾಗಾಗಿ ರಾತ್ರಿ ಬಾಳೆಹಣ್ಣು ಇಷ್ಟವಿದ್ದರೆ ತಿನ್ನಿ, ಕಿವಿ ಕೈಗೆಟುಕಿದರೆ ಅದನ್ನೂ ತಿಂದು ನೋಡಿ. ಫಲ ತಿಳಿಯಬೇಕೆಂದರೆ ಎರಡು ವಾರ ತಿಂದು, ಎರಡು ವಾರ ಬಿಟ್ಟು, ನಿದ್ದೆ ಹತ್ತಿದ ಮತ್ತು ಎಚ್ಚರವಾದ ಹೊತ್ತನ್ನು ಪ್ರತಿದಿನ ಬೆಳಿಗ್ಗೆ ಬರೆದಿಡಿ. ಮಧುಮೇಹವಿದ್ದವರು ದಿನಕ್ಕೆರಡು ಲೋಟ ಚೆರ್ರಿ ರಸದ ಗೋಜಿಗೆ ಹೋಗಬೇಡಿ, ಅದರ ಸಕ್ಕರೆಯೇ ಹೆಚ್ಚಾದೀತು. ವಾರದಲ್ಲಿ ಮೂರು ರಾತ್ರಿಯಾದರೂ ನಿದ್ದೆಗೆಟ್ಟು ಮೂರು ತಿಂಗಳಾಗಿದ್ದರೆ, ಅಥವಾ ಜೋರು ಗೊರಕೆಯ ನಡುವೆ ಉಸಿರು ನಿಂತಂತಾಗುತ್ತದೆ ಎಂದು ಮನೆಯವರು ಹೇಳಿದರೆ, ಹಣ್ಣಿನ ಪ್ರಯೋಗದಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಿ.