ಹಳದಿ ದೀಪಕ್ಕೆ ಹಾಸನದವರೆಗೆ ಬಿಡುವು

ಜೂನ್ ತಿಂಗಳ ಒಂದು ಮಧ್ಯಾಹ್ನ ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ಕಾರೊಂದು ಕುಣಿಗಲ್ ದಾಟಿದೆ ಎಂದುಕೊಳ್ಳಿ. ಮಳೆ ಜೋರಾಗಿಲ್ಲ, ಹನಿಯುತ್ತಿದೆ ಅಷ್ಟೆ. ಮುಂದಿನ ಲಾರಿಯ ಚಕ್ರಗಳು ರಸ್ತೆಯ ಕೆಸರನ್ನು ಮುಂಗಾಜಿಗೆ ಎರಚುತ್ತಿವೆ. ಚಾಲಕ ಆಗಾಗ ನೀರು ಚಿಮ್ಮಿಸಿ ವೈಪರ್ ಆಡಿಸುತ್ತಾನೆ. ಯಡಿಯೂರಿನ ಹತ್ತಿರ ಮೀಟರಿನಲ್ಲಿ ಒಂದು ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಬಾಗಿದ ಗಾಜಿನ ಚಿತ್ರ, ಅದರ ನಡುವಿನಿಂದ ಎರಡೂ ಕಡೆಗೆ ಚಿಮ್ಮುವ ಚುಕ್ಕೆಗಳು. ಹೆದ್ದಾರಿಯ ಬದಿಗೆ ಕಾರು ನಿಲ್ಲಿಸಿ ಬಾನೆಟ್ ಎತ್ತಬೇಕೆ?

ಬೇಡ. ಗಾಜು ತೊಳೆಯುವ ನೀರು ಕಡಿಮೆಯಾಗಿದೆ ಎಂಬುದಷ್ಟೇ ಆ ದೀಪದ ಅರ್ಥ. ಎಂಜಿನ್, ಬ್ರೇಕ್, ಸ್ಟಿಯರಿಂಗ್ ಯಾವುದಕ್ಕೂ ಅದರಿಂದ ತೊಂದರೆಯಿಲ್ಲ. ವಾಹನಗಳು ರಭಸದಿಂದ ಸಾಗುವ ಹೆದ್ದಾರಿಯ ಅಂಚಿನಲ್ಲಿ, ಅದೂ ಮಳೆಯಲ್ಲಿ, ನಿಂತ ಕಾರಿನ ಮುಂದೆ ಬಗ್ಗಿ ಕೆಲಸ ಮಾಡುವುದು ಆ ದೀಪಕ್ಕಿಂತ ಎಷ್ಟೋ ಪಾಲು ಅಪಾಯ. ಕೆಂಪು ದೀಪ ಬಂದರೆ ಮಾತು ಬೇರೆ. ಆಯಿಲ್ ಒತ್ತಡ, ಎಂಜಿನ್ ಬಿಸಿ, ಬ್ರೇಕ್ ಆಯಿಲ್ ಇವುಗಳ ದೀಪಗಳು ಕೆಂಪಾಗಿರುವುದೇ ಕೂಡಲೇ ನಿಲ್ಲಿಸಲೆಂದು.

ವಾಷರ್ ದೀಪಕ್ಕೆ ಬಿಡುವು ಸಿಗುವುದು ಅದು ಕೆಲಸ ಮಾಡುವ ರೀತಿಯಿಂದ. ನೀರಿನ ಪ್ಲಾಸ್ಟಿಕ್ ಟ್ಯಾಂಕು ಸಾಮಾನ್ಯವಾಗಿ ಮುಂದಿನ ಚಕ್ರದ ಹತ್ತಿರ, ಬಂಪರಿನ ಹಿಂದೆ ಅಡಗಿರುತ್ತದೆ. ಬಹಳ ಕಾರುಗಳಲ್ಲಿ ಅದರೊಳಗೆ ಅಯಸ್ಕಾಂತ ಹೊತ್ತ ಒಂದು ತೇಲುಬಿಲ್ಲೆ ಇರುತ್ತದೆ. ನೀರು ಇಳಿದಂತೆ ಬಿಲ್ಲೆಯೂ ಇಳಿದು, ಒಂದು ಮಟ್ಟಕ್ಕೆ ಬಂದಾಗ ಪಕ್ಕದ ಪುಟ್ಟ ಸ್ವಿಚ್ಚನ್ನು ತಾಗಿಸಿ ದೀಪ ಹೊತ್ತಿಸುತ್ತದೆ. ಆ ಮಟ್ಟ ಟ್ಯಾಂಕಿನ ತಳಕ್ಕಿಂತ ಮೇಲೆಯೇ ಇರುವುದರಿಂದ ದೀಪ ಬಂದ ಮೇಲೂ ಸ್ವಲ್ಪ ನೀರು ಉಳಿದಿರುತ್ತದೆ. ತಿರುವಿನಲ್ಲಿ ಹೊತ್ತಿ, ನೇರ ರಸ್ತೆಗೆ ಬಂದೊಡನೆ ಆರಿದರೆ ನೀರು ಆ ಗಡಿಯಲ್ಲೇ ತುಳುಕಾಡುತ್ತಿದೆ ಎಂದು ತಿಳಿಯಬೇಕು. ಕಡಿಮೆ ಬೆಲೆಯ ಮಾದರಿಗಳಲ್ಲಿ ಈ ದೀಪವೇ ಇರುವುದಿಲ್ಲ. ಅಂಥವರಿಗೆ ನೀರು ಮುಗಿದದ್ದು ಗೊತ್ತಾಗುವುದು ಗಾಜಿನ ಮೇಲೆ ಏನೂ ಬೀಳದಿದ್ದಾಗಲೇ.

ಯಡಿಯೂರಿನ ನಮ್ಮ ಚಾಲಕ ಉಳಿದ ನೀರನ್ನು ಜೋಪಾನ ಮಾಡಬೇಕು. ಹಿಂಗಾಜಿಗೂ ವೈಪರ್ ಇರುವ ಕಾರುಗಳಲ್ಲಿ ಎರಡಕ್ಕೂ ಸಾಮಾನ್ಯವಾಗಿ ಒಂದೇ ಟ್ಯಾಂಕು, ಹಾಗಾಗಿ ಹಿಂದಿನದನ್ನು ಮುಟ್ಟದಿರುವುದು ಲೇಸು. ಲಾರಿಯಿಂದ ದೂರ ಬಿಟ್ಟುಕೊಂಡರೆ ಕೆಸರೂ ಕಡಿಮೆ ಬೀಳುತ್ತದೆ. ಲಿವರ್ ಎಳೆದರೂ ನೀರು ಬಾರದಿದ್ದರೆ ಮತ್ತೆ ಮತ್ತೆ ಎಳೆಯಬಾರದು. ನೀರೆತ್ತುವ ಚಿಕ್ಕ ಪಂಪು ತನ್ನೊಳಗೆ ಹಾಯುವ ನೀರಿನಿಂದಲೇ ತಂಪಾಗಿರುತ್ತದೆ. ಒಣಗಿ ತಿರುಗಿದರೆ ಅದು ಸುಟ್ಟುಹೋಗಬಹುದು, ಆಗ ನೀರು ತುಂಬಿಸಿದರೂ ಪ್ರಯೋಜನವಿಲ್ಲ. ಒಣ ಗಾಜಿನ ಮೇಲೆ ವೈಪರ್ ಓಡಿಸುವುದೂ ಕೆಟ್ಟದ್ದು. ಮಣ್ಣಿನ ಕಣಗಳು ರಬ್ಬರಿನಡಿ ಸಿಕ್ಕಿ ಗಾಜಿನ ಮೇಲೆ ಕಾಯಂ ಗೀರು ಬೀಳುತ್ತದೆ.

ಚನ್ನರಾಯಪಟ್ಟಣದಲ್ಲೋ ಹಾಸನದಲ್ಲೋ ಊಟಕ್ಕೆ ನಿಂತಾಗ ತುಂಬಿಸಿದರೆ ಸಾಕು. ಆದರೆ ಹಾಸನ ದಾಟಿಸಬಾರದು, ಇದನ್ನು ಒತ್ತಿ ಹೇಳುತ್ತೇನೆ. ಮುಂದೆ ಸಕಲೇಶಪುರ, ಆಮೇಲೆ ಶಿರಾಡಿ ಘಾಟಿ. ಅಲ್ಲಿ ಕತ್ತಲಾದರೆ ಕೆಸರು ಮೆತ್ತಿದ ಗಾಜಿನ ಮೇಲೆ ಎದುರಿನ ಲಾರಿಯ ಬೆಳಕು ಹರಡಿ ತಿರುವೇ ಕಾಣದಂತಾಗುತ್ತದೆ. ಮುಂದಿನ ನಿಲುಗಡೆಯವರೆಗೆ ಕಾಯಬಹುದು ಎಂಬ ಮಾತಿನಲ್ಲಿ ಆ ನಿಲುಗಡೆ ಯಾವುದೆಂದು ನಿರ್ಧರಿಸಬೇಕಾದದ್ದು ಮುಂದಿರುವ ರಸ್ತೆಯನ್ನು ನೋಡಿ.

ತುಂಬಿಸುವಾಗ ಒಂದೇ ಒಂದು ವಿಷಯದಲ್ಲಿ ನಿಜವಾದ ಎಚ್ಚರ ಬೇಕು. ಬಾನೆಟ್ಟಿನಡಿ ಎರಡು ಪ್ಲಾಸ್ಟಿಕ್ ಬಾಯಿಗಳು ಕಾಣುತ್ತವೆ. ಗಾಜು ಮತ್ತು ಕಾರಂಜಿಯ ಚಿತ್ರವಿರುವ ಮುಚ್ಚಳ, ಹೆಚ್ಚಾಗಿ ನೀಲಿ ಬಣ್ಣದ್ದು, ವಾಷರ್ ಟ್ಯಾಂಕಿನದು. ಕೈಯಿಂದ ಎತ್ತಿದರೆ ತೆರೆದುಕೊಳ್ಳುತ್ತದೆ. ತಿರುಗಿಸಿ ಬಿಗಿದ, ಬಿಸಿಯ ಎಚ್ಚರಿಕೆ ಬರೆದಿರುವ ಇನ್ನೊಂದು ಕೂಲೆಂಟಿನದು. ಓಡಿ ಬಂದ ಕಾರಿನಲ್ಲಿ ಅದನ್ನು ತೆರೆದರೆ ಕುದಿಯುವ ದ್ರವ ಒತ್ತಡದಿಂದ ಮುಖಕ್ಕೆ ಚಿಮ್ಮುತ್ತದೆ. ಸೋಪಿನ ನೀರನ್ನು ತಪ್ಪಿ ಅದಕ್ಕೆ ಹೊಯ್ದರಂತೂ ಎಂಜಿನ್ ಚಾಲೂ ಮಾಡದೆ ಮೆಕ್ಯಾನಿಕ್‌ನನ್ನು ಕರೆಸಿ ಪೂರ್ತಿ ಬಸಿಯಬೇಕು.

ಅಂಗಡಿಯಲ್ಲಿ ವಾಷರ್ ದ್ರವ ಸಿಗದಿದ್ದರೆ ಒಂದು ಲೀಟರಿನ ಕುಡಿಯುವ ನೀರಿನ ಬಾಟಲಿ ಆ ಹೊತ್ತಿಗೆ ಸಾಕು. ಬೋರ್‌ವೆಲ್ ನೀರನ್ನು ರೂಢಿ ಮಾಡಿಕೊಳ್ಳುವುದು ಮಾತ್ರ ಬೇಡ. ಕೋಲಾರ, ತುಮಕೂರು ಕಡೆಯ ಗಡಸು ನೀರು ಬಿಸಿನೀರಿನ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವಂತೆ ನೀರು ಚಿಮ್ಮುವ ಸಣ್ಣ ರಂಧ್ರಗಳನ್ನೂ ಕಟ್ಟುತ್ತದೆ. ಬಟ್ಟೆ ಸೋಪಿನ ಪುಡಿ ಹಾಕಿದರೆ ನೊರೆ ಬರುತ್ತದೆ, ತಳದಲ್ಲಿ ಗಷ್ಟು ನಿಲ್ಲುತ್ತದೆ.

ತುಂಬಿಸಿದ ಮೇಲೂ ನೀರು ಬಾರದಿದ್ದರೆ ಕಿವಿಗೊಟ್ಟು ಕೇಳಿ. ಲಿವರ್ ಎಳೆದಾಗ ಪಂಪಿನ ಗುಂಯ್ ಸದ್ದು ಕೇಳಿಸಿದರೆ ಪಂಪು ಓಡುತ್ತಿದೆ ಎಂದರ್ಥ, ಆಗ ರಂಧ್ರ ಕಟ್ಟಿದೆ ಅಥವಾ ಪೈಪು ಕಳಚಿದೆ. ಕಟ್ಟಿದ ರಂಧ್ರವನ್ನು ಸಣ್ಣ ಸೂಜಿಯಿಂದ ಬಿಡಿಸಬಹುದು. ಸದ್ದೇ ಇಲ್ಲದಿದ್ದರೆ ಫ್ಯೂಸ್ ಅಥವಾ ಪಂಪು ಕೆಟ್ಟಿರಬಹುದು. ನೀರು ಚೆನ್ನಾಗಿ ಚಿಮ್ಮಿದರೂ ದೀಪ ಆರದಿದ್ದರೆ ತೇಲುಬಿಲ್ಲೆ ಗಷ್ಟಿನಲ್ಲಿ ಸಿಕ್ಕಿಕೊಂಡಿರುವ ಸಂಭವವಿದೆ. ಅಷ್ಟಾಗಿ ಬಳಸದೆಯೂ ಕೆಲವೇ ದಿನಗಳಲ್ಲಿ ದೀಪ ಮರಳಿದರೆ ಕಾರು ನಿಲ್ಲುವ ಜಾಗದಲ್ಲಿ ಮುಂದಿನ ಚಕ್ರದ ಬಳಿ ನೆಲ ಒದ್ದೆಯಾಗಿದೆಯೇ ನೋಡಿ. ಪಂಪು ಟ್ಯಾಂಕಿಗೆ ಸೇರುವ ಕಡೆಯ ರಬ್ಬರ್ ಒಣಗಿ ಸೋರುತ್ತಿರಬಹುದು.

ಇದೇ ಬಗೆಯ ಬಿಡುವು ಇನ್ನೂ ಕೆಲವು ಹಳದಿ ದೀಪಗಳಿಗಿದೆ. ಸ್ಪ್ಯಾನರ್ ಚಿತ್ರ ಬಹಳ ಕಾರುಗಳಲ್ಲಿ ಸರ್ವಿಸ್ ದಿನ ಹತ್ತಿರವಾಯಿತೆಂಬ ಸೂಚನೆ, ಊರಿಗೆ ಹೋಗಿ ಬಂದು ಮಾಡಿಸಬಹುದು. ಕೀಲಿಯ ಬ್ಯಾಟರಿ ಕಡಿಮೆ ಎಂದರೆ ನಾಣ್ಯದಂಥ ಒಂದು ಬ್ಯಾಟರಿ ಬದಲಿಸಿದರೆ ಆಯಿತು. ಅದು ಪೂರ್ತಿ ಸತ್ತರೂ ಬಟನ್ ಸ್ಟಾರ್ಟ್ ಇರುವ ಬಹಳ ಕಾರುಗಳು ಕೀಲಿಯನ್ನು ಬಟನ್ನಿಗೆ ತಾಗಿಸಿದರೆ ಚಾಲೂ ಆಗುತ್ತವೆ. ಪೆಟ್ರೋಲ್ ರಿಸರ್ವಿಗೆ ಬಂದರೆ ಮುಂದಿನ ಬಂಕಿನವರೆಗೆ ಮಾತ್ರ ಬಿಡುವು. ಘಾಟಿ ಎದುರಿದ್ದರೆ ಕೆಳಗಿನ ಬಂಕಿನ ಆಸೆ ಬಿಟ್ಟು ಮೇಲೆಯೇ ಹಾಕಿಸಬೇಕು.

ಟೈರಿನ ಗಾಳಿಯ ದೀಪವೂ ಹಳದಿಯೇ. ಕುದುರೆಲಾಳದಂಥ ಚಿತ್ರದೊಳಗೆ ಆಶ್ಚರ್ಯಸೂಚಕ ಚಿಹ್ನೆ. ಇದನ್ನು ವಾಷರ್ ದೀಪದ ಸಾಲಿಗೆ ಸೇರಿಸಬಾರದು. ವೇಗ ತಗ್ಗಿಸಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ಇಳಿದು ನಾಲ್ಕೂ ಟೈರು ನೋಡಬೇಕು. ಕಣ್ಣಿಗೆ ಚಪ್ಪಟೆ ಕಾಣದಿದ್ದರೆ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಹೋಗಬಹುದು. ಕಾರು ಚಾಲೂ ಮಾಡಿದಾಗ ಆ ದೀಪ ಒಂದು ನಿಮಿಷದಷ್ಟು ಮಿನುಗಿ ಆಮೇಲೆ ಸ್ಥಿರವಾಗಿ ನಿಂತರೆ ಸಾಮಾನ್ಯವಾಗಿ ಕೆಟ್ಟಿರುವುದು ಗಾಳಿ ಅಳೆಯುವ ಸೆನ್ಸರ್. ಆಗಲೂ ಗಾಳಿಯನ್ನೊಮ್ಮೆ ಪರೀಕ್ಷಿಸಿಕೊಳ್ಳಬೇಕು, ಏಕೆಂದರೆ ನಿಜವಾಗಿ ಗಾಳಿ ಇಳಿದರೂ ಆ ಸೆನ್ಸರ್ ಹೇಳುವುದಿಲ್ಲ.

ಎಂಜಿನ್ ಚಿತ್ರದ ಹಳದಿ ದೀಪ ಸ್ಥಿರವಾಗಿದ್ದು, ಕಾರಿನ ಓಟದಲ್ಲಿ ಬದಲಾವಣೆಯಿಲ್ಲದಿದ್ದರೆ ಮೆಲ್ಲಗೆ ಗ್ಯಾರೇಜಿಗೆ ಒಯ್ಯಬಹುದು. ಅದು ಮಿನುಗುತ್ತಾ ಕಾರು ಅದುರತೊಡಗಿದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಹೊಗೆಕೊಳವೆಯಲ್ಲಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಕೆಡಿಸುತ್ತದೆ. ಬಣ್ಣ ಹಳದಿಯಾದರೂ ಆಗ ಹಾಸನದವರೆಗೆ ಕಾಯುವಂತಿಲ್ಲ. ರಸ್ತೆಯಿಂದ ಆಚೆಗೆ ಜಾಗ ಸಿಕ್ಕಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕಾರನ್ನು ಎಳೆದೊಯ್ಯುವ ಗಾಡಿಗೆ ಫೋನ್ ಮಾಡಬೇಕು.